ಫೋಟೋದಲ್ಲಿರುವ ಫ್ಲೋಚಾರ್ಟ್‌ನ ಔಟ್‌ಪುಟ್

ಪ್ರಶ್ನೆ: ವರ್ಕ್‌ಶೀಟ್‌ನ ಫೋಟೋ ಹಾಕಿದ್ದೇನೆ. `A = 48`, `B = 18` ಕೊಟ್ಟರೆ ಈ ಫ್ಲೋಚಾರ್ಟ್ ಏನು ಮುದ್ರಿಸುತ್ತದೆ? 7 ಮತ್ತು 0 ಕೊಟ್ಟರೆ?

ಉತ್ತರ: ಕ್ರಮವಾಗಿ 6 ಮತ್ತು 7.

ವಜ್ರಾಕೃತಿಯಲ್ಲಿ `B = 0?` ಎಂದಿದೆ. ಅದರ ಪಕ್ಕದ ‘ಹೌದು’, ‘ಇಲ್ಲ’ ಫೋಟೋದಲ್ಲಿ ಮಸುಕಾಗಿವೆ. ಆದರೆ `R = A % B`, `A = B`, `B = R` ಎಂಬ ಸಾಲುಗಳಿರುವ ಚೌಕಕ್ಕೆ ಹೋಗುವ ಬಾಣ ‘ಇಲ್ಲ’ ಆಗಿರಲೇಬೇಕು, ಸೊನ್ನೆಯಿಂದ ಭಾಗಿಸಲಾಗದು. `%` ಎಂದರೆ ಶೇಷ, ಶೇಕಡಾ ಅಲ್ಲ.

ವಜ್ರಾಕೃತಿಗೆ ಬಂದಾಗಲೆಲ್ಲ `A`, `B` ಬೆಲೆಗಳನ್ನೂ ನಂತರ ಚೌಕದಲ್ಲಿ ಸಿಗುವ `R` ಬೆಲೆಯನ್ನೂ ಬರೆದುಕೊಳ್ಳಿ:

```
A   B   R
48  18  12
18  12  6
12  6   0
6   0
```

ಈಗ `B` ಸೊನ್ನೆ, `A` ಮುದ್ರಣವಾಗುತ್ತದೆ. ಇದು 48 ಮತ್ತು 18ರ ಮ.ಸಾ.ಅ. ಕಂಡುಹಿಡಿಯುವ ಯೂಕ್ಲಿಡ್‌ನ ವಿಧಾನವೇ.

ನಿಮಗೆ 0 ಬಂದಿದ್ದರೆ `A = B` ಮಾಡುವ ಮೊದಲೇ `B = R` ಮಾಡಿದ್ದೀರಿ. ಚೌಕದೊಳಗಿನ ಸಾಲುಗಳನ್ನು ಮೇಲಿನಿಂದ ಕೆಳಕ್ಕೇ ನಡೆಸಬೇಕು.

7, 0 ಕೊಟ್ಟಾಗ ಚೌಕಕ್ಕೆ ಹೋಗುವ ಪ್ರಮೇಯವೇ ಇಲ್ಲ, ನೇರವಾಗಿ 7.