ಅಡಿಕೆ ತೋಟಕ್ಕೆ ಡ್ರೋನ್ ಕರೆಸುವ ಮೊದಲು ಸಂಘ ಬರೆಯಬೇಕಾದ ಪತ್ರ

ಪ್ರಶ್ನೆ: "ನಮ್ಮದು ಉಡುಪಿ ಕಡೆಯ ಸಣ್ಣ ರೈತರ ಸಹಕಾರ ಸಂಘ. ಕೊಳೆರೋಗಕ್ಕೆ ಮದ್ದು ಬಿಡಲು ಜನ ಸಿಗುವುದಿಲ್ಲ, ಹಾಗಾಗಿ ಡ್ರೋನಿನವರನ್ನು ಒಂದು ದಿನ ಟ್ರಯಲ್‌ಗೆ ಕರೆಯುವ ಯೋಚನೆ ಇದೆ. ಪತ್ರದಲ್ಲಿ ಏನೇನು ಬರೆಯಬೇಕು? ಸುರಕ್ಷತೆಯ ಷರತ್ತು ಯಾವುದು ಹಾಕಬೇಕು?"

ನಾನು ಬೆಳ್ಮಣ್ ಕಡೆಯವನು. ನಮ್ಮ ಸಂಘದಿಂದ ಇಂಥ ಪತ್ರ ಎರಡು ಸಲ ಹೋಗಿದೆ. ಮೊದಲನೆಯದು ನಾಲ್ಕೇ ಸಾಲು: "ನಮ್ಮ ಸದಸ್ಯರ ತೋಟದಲ್ಲಿ ಒಂದು ದಿನ ಪ್ರಾತ್ಯಕ್ಷಿಕೆ ನಡೆಸಿಕೊಡಬೇಕಾಗಿ ವಿನಂತಿ." ಅವರು ಬಂದರು, ಆದರೆ ಬರುವಾಗ ಹನ್ನೊಂದೂವರೆ ಆಗಿತ್ತು. ನಮ್ಮಲ್ಲಿ ಬೇಸಿಗೆಯಲ್ಲಿ ಹತ್ತು ಗಂಟೆ ಕಳೆದರೆ ಕಡಲ ಗಾಳಿ ಏಳುತ್ತದೆ ಎನ್ನುವುದು ನಿಮಗೂ ಗೊತ್ತು. ತಾಮ್ರದ ಮದ್ದು ಪಡುವಣ ಗಾಳಿಗೆ ತೋಟ ದಾಟಿ ಪಕ್ಕದ ಮನೆಯ ಮಲ್ಲಿಗೆ ಗಿಡಗಳ ಮೇಲೆ ಬಿತ್ತು. ಆ ಮನೆಯ ಅಕ್ಕ ಒಂದು ಗೆಲ್ಲು ಬಗ್ಗಿಸಿ ಎಲೆಯ ಮೇಲಿನ ನೀಲಿ ಚುಕ್ಕೆ ತೋರಿಸಿ, "ಇದನ್ನು ನಾಳೆ ಕಟ್ಟಿ ಯಾರ ತಲೆಗೆ ಮುಡಿಸುವುದು ಮಾರಾಯ್ರೆ?" ಎಂದು ಕೇಳಿದರು. ಎರಡು ದಿನದ ಹೂವು ಅವರು ಕೊಯ್ದು ಬಿಸಾಡಿದರು. ಡ್ರೋನಿನವರು ಸಂಘದ ಕಡೆ ಕೈ ತೋರಿಸಿದರು, ಸಂಘ ಅವರ ಕಡೆ ತೋರಿಸಿತು. ಕಾಗದದಲ್ಲಿ ಯಾರ ಜವಾಬ್ದಾರಿಯೂ ಬರೆದಿರಲಿಲ್ಲ. ಕೊನೆಗೆ ಆ ನಷ್ಟವನ್ನು ನಾವೇ ಆಡಳಿತ ಮಂಡಳಿಯವರು ಕೈಯಿಂದ ಹಾಕಿ ಕೊಟ್ಟೆವು.

ಹಾಗಾಗಿ ಎರಡನೇ ಪತ್ರವನ್ನು ಕುಳಿತು ಬರೆದೆವು. ಅದರಲ್ಲಿ ಮುಖ್ಯವಾದ ಮಾತು ಒಂದೇ: ಟ್ರಯಲ್ ದಿನ ಟ್ಯಾಂಕಿಗೆ ಮದ್ದು ಹಾಕಬಾರದು, ಬರೀ ನೀರು. ಇದನ್ನು ಕೇಳಿ ನಮ್ಮ ಸದಸ್ಯರೇ ಕೆಲವರು ಬೇಸರಪಟ್ಟರು, "ನೀರು ಬಿಟ್ಟು ನೋಡಲಿಕ್ಕೇನುಂಟು" ಎಂದರು. ನೋಡಲಿಕ್ಕೆ ಉಂಟು, ಹೇಳುತ್ತೇನೆ.

ಗದ್ದೆಗೆ ಡ್ರೋನ್ ಬಿಡುವುದಕ್ಕೂ ಅಡಿಕೆಗೆ ಬಿಡುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಗದ್ದೆಯಲ್ಲಿ ಮದ್ದು ಬೀಳಬೇಕಾದ ಎಲೆ ಮೇಲೆಯೇ ಇರುತ್ತದೆ. ಅಡಿಕೆಯಲ್ಲಿ ಕೊಳೆರೋಗ ಬರುವುದು ಗೊನೆಗೆ, ಗೊನೆ ಇರುವುದು ಸೋಗೆಯ ಅಡಿಯಲ್ಲಿ. ಡ್ರೋನ್ ಹಾರುವುದು ಸೋಗೆಯ ಮೇಲೆ. ಕೆಳಗೆ ನಿಂತು ನೋಡುವವರಿಗೆ ಮಂಜಿನ ಹಾಗೆ ಚಂದ ಇಳಿದದ್ದು ಕಾಣುತ್ತದೆ, ಆದರೆ ಅದು ಕಾಯಿಗೆ ಮುಟ್ಟಿತೋ ಸೋಗೆಯಲ್ಲೇ ನಿಂತಿತೋ ಕಣ್ಣಿಗೆ ಗೊತ್ತಾಗುವುದಿಲ್ಲ.

ಇದನ್ನು ತಿಳಿಯಲು ಹಳದಿ ಬಣ್ಣದ ಒಂದು ಕಾಗದ ಸಿಗುತ್ತದೆ, ನೀರಿನ ಹನಿ ಬಿದ್ದ ಕಡೆ ನೀಲಿಯಾಗುವಂಥದ್ದು. ಪತ್ರದಲ್ಲಿ ನಾವು ಹೀಗೆ ಬರೆದೆವು:

"ಮಾನ್ಯರೇ, ಪ್ರಾಯೋಗಿಕ ದಿನದಂದು ಶುದ್ಧ ನೀರನ್ನು ಮಾತ್ರ ಸಿಂಪಡಿಸತಕ್ಕದ್ದು. ಸಂಘವು ಆರಿಸಿದ 12 ಮರಗಳಲ್ಲಿ ಪ್ರತಿ ಮರಕ್ಕೆ ನಾಲ್ಕು ಕಡೆ, ಅಂದರೆ ಸೋಗೆಯ ಮೇಲೆ, ಗೊನೆಯ ಹೊರಬದಿಗೆ, ಗೊನೆಯ ಒಳಬದಿಗೆ ಮತ್ತು ಬುಡದ ನೆಲದಲ್ಲಿ, ಹನಿ ಪರೀಕ್ಷಿಸುವ ಕಾಗದ ಇಡಲಾಗುವುದು. ಹಾರಾಟದ ಎತ್ತರ, ವೇಗ ಮತ್ತು ಬಳಸಿದ ನೀರಿನ ಲೀಟರನ್ನು ತಮ್ಮ ಪೈಲಟ್ ಪ್ರತಿ ಸುತ್ತಿಗೂ ಬರೆದುಕೊಡಬೇಕು. ಗೊನೆಯ ಕಾಗದದ ಮೇಲಿನ ಹನಿಗಳನ್ನು ಇಬ್ಬರೂ ಒಟ್ಟಿಗೆ ನೋಡಿದ ನಂತರವೇ ಮುಂದಿನ ಮಾತುಕತೆ."

ಈ ಕಾಗದದ ವಿಷಯದಲ್ಲಿ ಜಾಗ್ರತೆ ಬೇಕು. ಬೆವರಿದ ಬೆರಳು ತಾಗಿದರೂ ಅದು ನೀಲಿಯಾಗುತ್ತದೆ, ನಮ್ಮ ಕರಾವಳಿಯ ತೇವದ ಗಾಳಿಗೆ ಸುಮ್ಮನೆ ಇಟ್ಟರೂ ಬಣ್ಣ ತಿರುಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಈ ಪರೀಕ್ಷೆ ಆಗುವ ಮಾತಲ್ಲ. ಪತ್ತನಾಜೆಗೆ ತಿಂಗಳು ಮೊದಲೇ, ಇಬ್ಬನಿ ಆರಿದ ಮೇಲೆ, ಕೈಗವಸು ಹಾಕಿಕೊಂಡು ಕೊನೆಯ ಗಳಿಗೆಯಲ್ಲಿ ಕಾಗದ ಇಡಿ. ನಾವು ಫೈಬರ್ ದೋಟಿಯ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಕಟ್ಟಿ ಗೊನೆಗೆ ಸಿಕ್ಕಿಸಲು ನೋಡಿದೆವು, ಅರ್ಧ ಕಾಗದ ಉದುರಿತು. ಆಮೇಲೆ ಮರ ಹತ್ತುವ ಒಬ್ಬರನ್ನೇ ಕರೆದೆವು. ಡ್ರೋನ್ ಹಾರುವಾಗ ಅವರು ಮರದಲ್ಲಿ ಇರಬಾರದು, ತೋಟದಿಂದಲೇ ಹೊರಗಿರಬೇಕು. ಇದನ್ನೂ ಷರತ್ತಿನಲ್ಲಿ ಸೇರಿಸಿ.

ಫಲಿತಾಂಶ ಹೀಗಿತ್ತು. ಗದ್ದೆಗೆ ಹಾರಿಸುವ ವೇಗದಲ್ಲೇ ಸಾಲಿನ ಮೇಲೆ ಹೋದಾಗ ಸೋಗೆಯ ಕಾಗದ ಪೂರ್ತಿ ನೀಲಿ. ಗೊನೆಯ ಹೊರಬದಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಅಲ್ಲಲ್ಲಿ ಚುಕ್ಕೆ. ಒಳಬದಿಯ ಕಾಗದ ಹೆಚ್ಚುಕಡಿಮೆ ಹಳದಿಯಾಗಿಯೇ ಉಳಿದಿತ್ತು. ಎರಡನೇ ಸುತ್ತಿಗೆ ಪೈಲಟ್ ಪ್ರತಿ ಮರದ ನೆತ್ತಿಯಲ್ಲಿ ಕೆಲವು ಸೆಕೆಂಡು ನಿಲ್ಲಿಸಿದರು. ರೆಕ್ಕೆಯ ಗಾಳಿಗೆ ಸೋಗೆ ಬಿಡಿಸಿಕೊಂಡು ಹನಿ ಕೆಳಗಿಳಿಯಿತು, ಹೊರಬದಿ ಚೆನ್ನಾಗಿ ತುಂಬಿತು. ಒಳಬದಿ ಆಗಲೂ ಅರೆಬರೆ. ಆದರೆ ನಿಂತು ನಿಂತು ಹೋದದ್ದರಿಂದ ಒಂದು ಬ್ಯಾಟರಿಗೆ ಆಗುವ ಮರಗಳ ಲೆಕ್ಕ ತುಂಬ ಕಡಿಮೆಯಾಯಿತು, ಅಂದರೆ ಅವರು ಮೊದಲು ಹೇಳಿದ ಎಕರೆಯ ದರ ನಿಲ್ಲುವುದಿಲ್ಲ. ದರದ ಮಾತನ್ನು ಈ ಪರೀಕ್ಷೆಯ ನಂತರ ಆಡಿ ಎನ್ನುವುದು ಅದಕ್ಕೇ.

ಪತ್ರದಲ್ಲಿ ಕೇಳಲೇಬೇಕಾದ ಇನ್ನೊಂದು ಲೆಕ್ಕ ಇದೆ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ನಮ್ಮ ತೋಟದಲ್ಲಿ ಎಕರೆಗೆ ಸುಮಾರು 550 ಮರ, ದೋಟಿಯಲ್ಲಿ ಬಿಡುವಾಗ 200 ಲೀಟರಿನ ಎರಡು ಡ್ರಮ್ ಬೇಕಾಗುತ್ತದೆ. ಅಂದರೆ ಎಕರೆಗೆ 4 ಕಿಲೋ ಮೈಲುತುತ್ತು. ಡ್ರೋನಿನ ಟ್ಯಾಂಕ್ 10 ಲೀಟರಿನದ್ದು. ಮೂರು ಸಲ ತುಂಬಿಸಿದರೂ 30 ಲೀಟರ್, ಅದೇ ಶೇಕಡಾ 1 ಇಟ್ಟರೆ ಎಕರೆಗೆ ಬೀಳುವ ಮೈಲುತುತ್ತು 300 ಗ್ರಾಂ ಮಾತ್ರ. ಹಾಗೆಂದು ಗಟ್ಟಿ ಮಾಡಿ ಹಾಕಿದರೆ ಸುಣ್ಣದ ಕಣ ನಾಜಲ್ ಕಟ್ಟುತ್ತದೆ. "ಬೋರ್ಡೋ ಬಿಡ್ತೇವೆ" ಎಂದು ಯಾರಾದರೂ ಸಲೀಸಾಗಿ ಒಪ್ಪಿಕೊಂಡರೆ ಅಲ್ಲಿಯೇ ಎಚ್ಚರವಾಗಿ. ಯಾವ ತಾಮ್ರದ ಮದ್ದು, ಎಕರೆಗೆ ಎಷ್ಟು, ಎಷ್ಟು ನೀರಿನಲ್ಲಿ, ಅದರ ಲೇಬಲ್‌ನಲ್ಲಿ ಅಡಿಕೆಯ ಹೆಸರು ಇದೆಯೇ, ಡ್ರೋನಿಗೆ ಒಪ್ಪಿಗೆ ಇದೆಯೇ ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ. ಆ ಉತ್ತರ ಹಿಡಿದು ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲೋ ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲೋ ಒಮ್ಮೆ ತೋರಿಸಿದ ಮೇಲೆ ಮದ್ದಿನ ದಿನ ಗೊತ್ತುಮಾಡಿ.

ಇನ್ನು ಸುರಕ್ಷತೆ. 2021ರ ಡ್ರೋನ್ ನಿಯಮಗಳ ಪ್ರಕಾರ ಯಂತ್ರಕ್ಕೆ ನೋಂದಣಿ ಸಂಖ್ಯೆ, ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ, ಮೂರನೆಯವರ ಹಾನಿಗೆ ವಿಮೆ ಇರಬೇಕು. ಮೂರರ ಪ್ರತಿಯನ್ನೂ ವಾರ ಮೊದಲೇ ತರಿಸಿ, ಮತ್ತು ಪ್ರಮಾಣಪತ್ರದಲ್ಲಿರುವವರೇ ಬರಬೇಕು ಎಂದು ಬರೆಯಿರಿ. ವಿಮೆಯ ಕಾಗದವನ್ನು ಪೂರ್ತಿ ಓದಿ. ಡ್ರೋನ್ ಬಿದ್ದು ಹಂಚು ಒಡೆದರೆ ಕೊಡುತ್ತೇವೆ ಎಂದಿದ್ದು, ಮದ್ದು ಹಾರಿ ಬೆಳೆ ಹಾಳಾದರೆ ಇಲ್ಲ ಎಂದಿರಬಹುದು. ನಮ್ಮ ಮಲ್ಲಿಗೆಯಂಥ ನಷ್ಟ ಅದರೊಳಗೆ ಬರದಿದ್ದರೆ ಅದನ್ನು ಪತ್ರದ ಷರತ್ತಿನಲ್ಲೇ ಅವರ ಮೇಲೆ ಇಡಬೇಕು. ನಿಮ್ಮ ಸದಸ್ಯರ ತೋಟ ಯಾವುದಾದರೂ ಬಜಪೆ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗಿದ್ದರೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಆ ಅನುಮತಿ ತರುವುದು ಅವರ ಕೆಲಸ ಎಂದು ಸೇರಿಸಿ.

ನಾವು ಹಾಕಿದ ಷರತ್ತಿನ ಭಾಗ ಇದು:

"ಸಿಂಪಡಣೆಯು ಬೆಳಿಗ್ಗೆ 7ರಿಂದ 9.30ರ ಒಳಗೆ ಮುಗಿಯಬೇಕು. ಸೋಗೆಯ ಮಟ್ಟದಲ್ಲಿ ಗಾಳಿ ಗಂಟೆಗೆ 10 ಕಿ.ಮೀ. ಮೀರಿದರೆ ನಿಲ್ಲಿಸಬೇಕು. ಮನೆ, ಬಾವಿ, ತೋಡು, ಮಲ್ಲಿಗೆ ಗಿಡ, ಬಸಳೆ ಚಪ್ಪರ ಇವುಗಳಿಂದ 30 ಮೀಟರ್ ಒಳಗೆ ಡ್ರೋನಿನಿಂದ ಸಿಂಪಡಿಸಬಾರದು. ಆ ಸಾಲುಗಳಿಗೆ ಸಂಘವೇ ದೋಟಿಯಲ್ಲಿ ಮದ್ದು ಬಿಡುವುದು. ಡ್ರೋನ್ ತಾನಾಗಿ ಹಿಂದಿರುಗುವ ಎತ್ತರವನ್ನು ತೋಟದ ಅತಿ ಎತ್ತರದ ತೆಂಗಿನ ಮರಕ್ಕಿಂತ 10 ಮೀಟರ್ ಮೇಲೆ ಇಟ್ಟು, ಹಾರಿಸುವ ಮೊದಲು ಪರದೆಯಲ್ಲಿ ತೋರಿಸಬೇಕು. ಸಂಘದ ಪ್ರತಿನಿಧಿ 'ನಿಲ್ಲಿಸಿ' ಎಂದರೆ ಕಾರಣ ಕೇಳದೆ ಕೂಡಲೇ ನಿಲ್ಲಿಸತಕ್ಕದ್ದು. ಮದ್ದು ಹಾರಿ ಹಾನಿಯಾದ ದೂರು ಬಂದಲ್ಲಿ 24 ಗಂಟೆಯೊಳಗೆ ಇಬ್ಬರೂ ಒಟ್ಟಿಗೆ ಸ್ಥಳ ನೋಡಿ ಸಹಿ ಹಾಕುವುದು. ಮೇಲಿನ ಷರತ್ತು ಮೀರಿದ್ದರಿಂದ ಆದ ನಷ್ಟ ತಮ್ಮದು, ನೆರೆಯವರಿಗೆ ಮೊದಲೇ ತಿಳಿಸದೆ ಆದ ನಷ್ಟ ಸಂಘದ್ದು."

30 ಮೀಟರ್, 9.30 ಇವೆಲ್ಲ ನಮ್ಮ ತೋಟ ನೋಡಿ ನಾವು ಇಟ್ಟ ಲೆಕ್ಕ. ಗುಡ್ಡದ ಮರೆಯಲ್ಲಿರುವ ತೋಟಕ್ಕೆ ಗಾಳಿ ತಡವಾಗಿ ಬರಬಹುದು. ದೋಟಿಯ ತುದಿಗೆ ಒಂದು ರಿಬ್ಬನ್ ಕಟ್ಟಿ ಸೋಗೆಗಿಂತ ಮೇಲೆ ಎತ್ತಿ ಎರಡು ಮೂರು ದಿನ ಬೆಳಿಗ್ಗೆ ನೋಡಿದರೆ ನಿಮ್ಮ ಸಮಯ ನಿಮಗೇ ತಿಳಿಯುತ್ತದೆ. ಅಂಗಳದಲ್ಲಿ ಎಲೆ ಅಲ್ಲಾಡದಿದ್ದರೂ ನಲವತ್ತು ಅಡಿ ಮೇಲೆ ಗಾಳಿ ಇರುತ್ತದೆ. ತಾನಾಗಿ ಹಿಂದಿರುಗುವ ಎತ್ತರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗದ್ದೆಯಲ್ಲಿ ಕೆಲಸ ಮಾಡಿ ಬಂದ ಯಂತ್ರದಲ್ಲಿ ಅದು ತಗ್ಗಿನಲ್ಲಿಯೇ ಉಳಿದಿದ್ದರೆ, ಸಂಪರ್ಕ ತಪ್ಪಿದ ಕೂಡಲೇ ಡ್ರೋನ್ ನೇರ ತೆಂಗಿನ ಮಂಡೆಗೆ ಬರುತ್ತದೆ.

ನೆರೆಯವರಿಗೆ ಹೇಳುವುದು ಸಂಘದ ಪಾಲಿನ ಕೆಲಸ. ಮದ್ದಿನ ದಿನಕ್ಕೆ ಎರಡು ದಿನ ಮೊದಲು ಮನೆಮನೆಗೆ ಹೋಗಿ: ಬಾವಿಗೆ ಟಾರ್ಪಾಲು ಮುಚ್ಚಿ, ದನ ಕಟ್ಟಿಹಾಕಿ, ತೋಟದ ಹುಲ್ಲು ಮೊದಲೇ ಕೊಯ್ದಿಡಿ, ಜೇನು ಪೆಟ್ಟಿಗೆ ಇದ್ದರೆ ಹಿಂದಿನ ರಾತ್ರಿಯೇ ದೂರ ಸಾಗಿಸಿ. ನೋಟಿಸ್ ಹಚ್ಚಿದರೆ ಸಾಲದು, ಬಾಯಲ್ಲೇ ಹೇಳಬೇಕು.

ಕೊನೆಯದಾಗಿ, ಟ್ರಯಲ್ ದಿನಕ್ಕೆ ಬಾಡಿಗೆ ಕೊಡುತ್ತೇವೆ ಎಂದು ಪತ್ರದಲ್ಲೇ ಬರೆಯಿರಿ. ಉಚಿತವಾಗಿ ಕರೆದವರು ಕಾಗದ ಇಡುವಷ್ಟು ಹೊತ್ತು ಕಾಯಿರಿ ಎಂದು ಕೇಳಲಾರರು. ನಮ್ಮ ಎರಡನೇ ಪತ್ರಕ್ಕೆ ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು, 30 ಮೀಟರನ್ನು 15 ಮಾಡಿ ಎಂದು ಕೇಳಿದ್ದರು. ನಾವು ಒಪ್ಪಲಿಲ್ಲ, ಅವರು ಬಂದರು. ಆ ವರ್ಷ ಎತ್ತರದ ಹಳೆ ಮರಗಳಿರುವ ಎರಡು ತೋಟಕ್ಕೆ ಮಾತ್ರ ಡ್ರೋನ್ ಎಂದು ತೀರ್ಮಾನಿಸಿದೆವು, ಉಳಿದದ್ದಕ್ಕೆಲ್ಲ ದೋಟಿಯೇ.