ದುಡ್ಡು ಕೊಟ್ಟು ಹಾಕಿಸಿದ ಬರಹಕ್ಕೆ ಗುರುತು ಎಲ್ಲಿ ಹಾಕಬೇಕು?

ಕಾಸರಗೋಡಿನಲ್ಲಿ ಕನ್ನಡ ಸುದ್ದಿತಾಣ ನಡೆಸುತ್ತೇವೆ. ಚಿನ್ನದಂಗಡಿಯವರು ದುಡ್ಡು ಕೊಟ್ಟು ಹಾಕಿಸುವ ಬರಹದ ಅಡಿಯಲ್ಲಿ ‘ಪ್ರಾಯೋಜಿತ’ ಅಂತ ಬರೆದರೆ ಸಾಕಾ?

ಉತ್ತರ: ಸಾಲದು. ಕೊನೆಯವರೆಗೆ ಓದುವವರು ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ವಾಟ್ಸಾಪಿನದು: ಲಿಂಕ್ ಹಂಚಿದಾಗ ಮುಖ್ಯವಾಗಿ ಕಾಣುವುದು ಶೀರ್ಷಿಕೆ ಮತ್ತು ಚಿತ್ರ, ಅಡಿಯ ಗುರುತು ಅಲ್ಲಿಗೆ ಬರುವುದೇ ಇಲ್ಲ. ಹಾಗಾಗಿ ಶೀರ್ಷಿಕೆಯನ್ನೇ ‘ಜಾಹೀರಾತು: ಓಣಂಗೆ ಮೇಕಿಂಗ್ ಚಾರ್ಜಿನಲ್ಲಿ ರಿಯಾಯಿತಿ’ ಎಂದು ಶುರುಮಾಡಿ. ಲಿಂಕ್ ಹಂಚಿದಾಗ ಕಾಣುವ ಶೀರ್ಷಿಕೆಯನ್ನು ಪುಟದ `og:title`ನಲ್ಲಿ ಬೇರೆಯಾಗಿ ತುಂಬಿಸುವುದಿದ್ದರೆ ಅಲ್ಲೂ ಈ ಪದ ಇರಲಿ, ಹಲವರು ಮರೆಯುವುದು ಇಲ್ಲೇ. ಮೊದಲ ಸಾಲಿನಲ್ಲಿ ಹಣ ಕೊಟ್ಟ ಅಂಗಡಿಯ ಹೆಸರು ಹೇಳಿ. ‘ನಮ್ಮ ವರದಿಗಾರರಿಂದ’ ಎಂಬ ಬೈಲೈನ್ ಖಂಡಿತ ಬೇಡ. ಅಂಗಡಿಯ ಲಿಂಕಿಗೆ `rel="sponsored"` ಸೇರಿಸಿ. ಅದು ಸರ್ಚ್ ಎಂಜಿನ್ನಿಗೆ ಮಾತ್ರ, ಓದುಗರಿಗೆ ಕಾಣದು. ಪ್ರಕಟಿಸಿದ ಕೂಡಲೇ ಲಿಂಕನ್ನು ನಿಮ್ಮ ನಂಬರಿಗೇ ಕಳಿಸಿ, ತೆರೆಯದೆಯೇ ‘ಜಾಹೀರಾತು’ ಕಾಣುತ್ತದೆಯೇ ನೋಡಿ.