ಕೆಟ್ಟ ವಸ್ತುವಿಗೆ ರೀಫಂಡ್ ಕೇಳುವ ಇಮೇಲ್

ಆನ್‌ಲೈನ್‌ನಲ್ಲಿ ತರಿಸಿದ ಎಲೆಕ್ಟ್ರಿಕ್ ಕೆಟಲ್ ಕೆಟ್ಟಿದೆ. ದುಡ್ಡು ವಾಪಸ್ ಕೇಳಿ ಇಮೇಲ್ ಹೇಗೆ ಬರೆಯಲಿ?

ಸಬ್ಜೆಕ್ಟ್ ಸಾಲಿನಲ್ಲೇ ಆರ್ಡರ್ ನಂಬರ್ ಮತ್ತು "ರೀಫಂಡ್ ಕೋರಿಕೆ" ಎರಡೂ ಇರಲಿ. ಅಂಗಡಿಯವರು ನಿಮ್ಮ ದಾಖಲೆ ಹುಡುಕೋದು ಆ ನಂಬರ್ ಹಿಡಿದೇ.

ಒಳಗೆ ಸುಮ್ನೆ "ಕೆಟ್ಟಿದೆ" ಅಂದರೆ ಸಾಲದು. ಹೀಗೆ ಬರೆಯಿರಿ:

"ಜೂನ್ 3ರಂದು ಕೆಟಲ್ ಕೈಸೇರಿತು. ಜೂನ್ 5ರಿಂದ ನೀರು ಕುದಿಯುವ ಮೊದಲೇ ಆಫ್ ಆಗುತ್ತಿದೆ. ಬೇರೆ ಸಾಕೆಟ್‌ನಲ್ಲೂ ಅದೇ ತೊಂದರೆ. ಬಿಲ್ ಮತ್ತು ವಿಡಿಯೋ ಲಗತ್ತಿಸಿದ್ದೇನೆ. ಬದಲಿ ವಸ್ತು ಬೇಡ. ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಜೂನ್ 20ರೊಳಗೆ ಹಿಂತಿರುಗಿಸಿ. ಇಲ್ಲವಾದರೆ ಗ್ರಾಹಕ ದೂರು ದಾಖಲಿಸುತ್ತೇನೆ."

ಬೇರೆ ಸಾಕೆಟ್‌ನ ಮಾತನ್ನು ಬಿಡಬೇಡಿ. ಇಲ್ಲದಿದ್ದರೆ "ನಿಮ್ಮ ಮನೆಯ ಕರೆಂಟ್ ಸರಿಯಿದೆಯಾ?" ಅಂತ ಮರುಪ್ರಶ್ನೆ ಬರಬಹುದು, ಅದರಲ್ಲೇ ದಿನ ಹೋಗುತ್ತದೆ.

ವಿಡಿಯೋವನ್ನು ತಳದ ಸೀರಿಯಲ್ ನಂಬರ್‌ನಿಂದ ಶುರು ಮಾಡಿ, ನಿಲ್ಲಿಸದೆ ಕೆಟಲ್ ಆಫ್ ಆಗುವವರೆಗೂ ತೆಗೆಯಿರಿ. ನಡುವೆ ಕತ್ತರಿಸಿದರೆ ಅದು ಅದೇ ಕೆಟಲ್ ಅನ್ನೋದಕ್ಕೆ ಪುರಾವೆ ಇರಲ್ಲ, ಅಲ್ವಾ?

ಗಡುವು ಅಂದರೆ "ಬೇಗ" ಅಲ್ಲ, ತಾರೀಖು. ಆದರೆ ಅಂಗಡಿಯ ವಾಪಸಾತಿ ಅವಧಿ ಯಾವಾಗ ಮುಗಿಯುತ್ತದೆ ಅಂತ ಮೊದಲು ನೋಡಿ, ಅದರೊಳಗೇ ಇಮೇಲ್ ಕಳಿಸಿ. ಹಣ ಬರುವವರೆಗೂ ಕೆಟಲ್ ಬಂದ ಡಬ್ಬಿ ಎಸೆಯಬೇಡಿ.